ಸಪ್ಲೈಯರ್ ಕಡೆಯವರು ಫೋನೇ ಎತ್ತುತ್ತಿಲ್ಲ, ಅವರ ಮೇಲಿನವರಿಗೆ ಬರೆಯಬಹುದೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಶೀನ್ ಶಾಪ್. 65 ಎಂಎಂ ಇಎನ್ 24 ಉಕ್ಕಿನ ರೌಂಡ್ ಬಾರ್ 2 ಟನ್‌ಗೆ ಪರ್ಚೇಸ್ ಆರ್ಡರ್, ಅಂದರೆ ಪಿಒ ಕೊಟ್ಟು, ಶೇ. 30 ಅಡ್ವಾನ್ಸ್ ಕಟ್ಟಿದ್ದೇವೆ. 10ನೇ ತಾರೀಖಿಗೆ ಬರಬೇಕಿದ್ದ ಮಾಲು 16 ಆದರೂ ಬಂದಿಲ್ಲ. ಆರು ವರ್ಷದಿಂದ ನಮ್ಮನ್ನು ನೋಡಿಕೊಳ್ಳುತ್ತಿರುವ ಸೇಲ್ಸ್‌ನವರು ಹತ್ತು ದಿನದಿಂದ ಫೋನ್ ಎತ್ತುತ್ತಿಲ್ಲ, ವಾಟ್ಸಾಪ್‌ಗೂ ಉತ್ತರವಿಲ್ಲ. ಅವರ ಮ್ಯಾನೇಜರ್‌ಗೆ ಬರೆದರೆ ಮುಂದೆ ನಮ್ಮ ಮೇಲೆ ಮುನಿಸು ಇಟ್ಟುಕೊಳ್ಳುತ್ತಾರೇನೋ ಎಂಬ ಭಯ. ಏನು ಮಾಡಲಿ?

ಬರೆಯಿರಿ. ಆದರೆ ಇವತ್ತೇ ಬೇಡ, ಎರಡು ದಿನ ಬಿಟ್ಟು. ಆ ಎರಡು ದಿನದಲ್ಲಿ ಮಾಡಬೇಕಾದ ಕೆಲಸವಿದೆ.

ಮೊದಲು ನಿಮ್ಮ ಅಕೌಂಟೆಂಟ್ ಹತ್ತಿರ ಕೂತು ಆ ಸಪ್ಲೈಯರ್‌ನ ಲೆಡ್ಜರ್ ತೆಗೆಸಿ. ಹಳೆಯ ಬಿಲ್ ಯಾವುದಾದರೂ ಕಟ್ಟದೆ ಉಳಿದಿದೆಯೇ? ತೂಕ ಕಮ್ಮಿ ಬಂತೆಂದು ನೀವು ಹಣ ಹಿಡಿದುಕೊಂಡು, ಅವರು ಕ್ರೆಡಿಟ್ ನೋಟ್ ಕೊಡದೆ ಹಾಗೇ ನಿಂತ ಮೊತ್ತ ಇದೆಯೇ? ಸಪ್ಲೈಯರ್ ಕಂಪನಿಯ ಅಕೌಂಟ್ಸ್‌ನವರು ಇಂಥ ಬಾಕಿ ಕಂಡರೆ ಹೊಸ ಆರ್ಡರನ್ನು ಕ್ರೆಡಿಟ್ ಹೋಲ್ಡ್‌ಗೆ ಹಾಕಿ, ಬಾಕಿ ತೀರುವವರೆಗೆ ತಡೆಹಿಡಿದುಬಿಡುತ್ತಾರೆ. ಹೊಸದಕ್ಕೆ ಅಡ್ವಾನ್ಸ್ ಬಂದಿದ್ದರೂ ಅದನ್ನು ಹಳೆಯ ಬಾಕಿಗೆ ಜಮಾ ಮಾಡಿಕೊಳ್ಳುವುದುಂಟು. ಆಗ ಸೇಲ್ಸ್‌ನವರ ಪಾಡು ನೋಡಿ. ಮಾಲು ಬಿಡಿಸಲು ಅವರಿಗೆ ಅಧಿಕಾರವಿಲ್ಲ, ಹಳೇ ಗಿರಾಕಿಯ ಹತ್ತಿರ ಬಾಕಿ ಕೇಳಲು ಸಂಕೋಚ. ಫೋನ್ ಎತ್ತದಿರುವುದೇ ಅವರಿಗೆ ಸುಲಭವಾಗಿ ಕಾಣುತ್ತದೆ. ಇದನ್ನು ನೋಡಿಕೊಳ್ಳದೆ ಮೇಲಿನವರಿಗೆ ಬರೆದರೆ, ಬರುವ ಮೊದಲ ಉತ್ತರವೇ ನಿಮ್ಮ ಬಾಕಿಯ ಪಟ್ಟಿ.

ಲೆಡ್ಜರ್ ಸರಿಯಿದ್ದರೆ ಅದೇ ಕಂಪನಿಯ ಡಿಸ್ಪ್ಯಾಚ್ ವಿಭಾಗಕ್ಕೋ ಸ್ಟಾಕ್‌ಯಾರ್ಡ್‌ಗೋ ಫೋನ್ ಮಾಡಿ. ಹಳೆಯ ಇನ್‌ವಾಯ್ಸ್ ಮೇಲೋ ಡೆಲಿವರಿ ಚಲನ್ ಮೇಲೋ ಅಲ್ಲಿನ ನಂಬರ್ ಸಿಗಬಹುದು. ದೂರುವ ಧಾಟಿ ಬೇಡ. ‘ಈ ಪಿಒದ ಮಾಲು ಕಟಿಂಗ್‌ಗೆ ಬಂದಿದೆಯಾ ಸರ್?’ ಎಂದಷ್ಟೇ ಕೇಳಿ. ಆರ್ಡರ್ ಸಿಸ್ಟಮ್‌ಗೇ ಹತ್ತಿಲ್ಲ ಎನ್ನಬಹುದು, ಮಿಲ್‌ನಿಂದ ಆ ಸೈಜ್ ಬಂದಿಲ್ಲ ಎನ್ನಬಹುದು, ಸೇಲ್ಸ್‌ನವರು ರಜೆಯಲ್ಲಿದ್ದಾರೆ ಅಥವಾ ಕೆಲಸವೇ ಬಿಟ್ಟರು ಎನ್ನಬಹುದು. ಕೆಲಸ ಬಿಟ್ಟಿದ್ದರೆ ನಿಮ್ಮ ಭಯಕ್ಕೆ ಕಾರಣವೇ ಇಲ್ಲ, ಅವತ್ತೇ ಮ್ಯಾನೇಜರ್‌ಗೆ ಬರೆಯಿರಿ. ಮಾಲೇ ಇಲ್ಲವೆಂದಾದರೆ ಮ್ಯಾನೇಜರ್ ಹತ್ತಿರ ಕೇಳಬೇಕಾದ್ದೇ ಬದಲಾಗುತ್ತದೆ. ಬೇರೆ ಬ್ರಾಂಚ್‌ನಿಂದ ತರಿಸುತ್ತೀರಾ, ಇಲ್ಲವೇ 70 ಎಂಎಂ ಬಾರನ್ನು ಅದೇ ರೇಟಿಗೆ ಕೊಡುತ್ತೀರಾ ಎಂದು ಕೇಳಬೇಕಾಗುತ್ತದೆ. (70ಕ್ಕೆ ಮೀಟರಿಗೆ ಸುಮಾರು 30 ಕಿಲೋ ತೂಗುತ್ತದೆ, 65ಕ್ಕೆ 26. ಅಷ್ಟೇ ಉದ್ದದ ಮಾಲಿಗೆ ತೂಕ ಏರುತ್ತದೆ, ತೆಗೆಯಬೇಕಾದ ಲೋಹವೂ ಜಾಸ್ತಿ. ಹೂಂ ಅನ್ನುವ ಮುಂಚೆ ಲೆಕ್ಕ ಹಾಕಿ.)

ಈಗ ಸೇಲ್ಸ್‌ನವರಿಗೇ ಒಂದು ಮೇಲ್. ವಾಟ್ಸಾಪ್ ಸಾಲದು. ಅವರ ಫೋನ್‌ನಲ್ಲಿರುವ ಮೆಸೇಜ್ ಅವರ ಕಂಪನಿಗೆ ಕಾಣುವುದಿಲ್ಲ, ಮೇಲ್ ಆದರೆ ಮುಂದೆ ಹಾಗೇ ಫಾರ್ವರ್ಡ್ ಮಾಡಬಹುದು. ಪಿಒ ನಂಬರ್, ತಾರೀಖು ಹಾಕಿ, ನಾಳೆ ಸಂಜೆ 5ರೊಳಗೆ ಡಿಸ್ಪ್ಯಾಚ್ ತಾರೀಖು ಬೇಕೆಂದು ಬರೆಯಿರಿ. ಕೊನೆಗೆ ಈ ಸಾಲು ಸೇರಿಸಿ: ‘ನೀವು ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಿರಬಹುದು. ನಾಳೆ ಸಂಜೆಯೊಳಗೆ ಗೊತ್ತಾಗದಿದ್ದರೆ ನಿಮ್ಮ ಬ್ರಾಂಚ್ ಮ್ಯಾನೇಜರ್ ಅವರ ಸಹಾಯ ಕೇಳುತ್ತೇನೆ, ನಿಮ್ಮನ್ನೂ ಸಿಸಿಯಲ್ಲಿ ಇಟ್ಟಿರುತ್ತೇನೆ.’ ಸಂಬಂಧ ಉಳಿಸುವುದು ಈ ಸಾಲೇ. ಮೇಲಿನವರಿಗೆ ಸುದ್ದಿ ಹೋಯಿತೆಂಬುದಕ್ಕಿಂತ, ತನಗೆ ಹೇಳದೆ ಹೋಯಿತೆಂಬುದು ಜನರಿಗೆ ಹೆಚ್ಚು ನೋಯುತ್ತದೆ. ಅರ್ಧಕ್ಕರ್ಧ ಸಲ ಈ ಮೇಲ್‌ಗೇ ಉತ್ತರ ಬಂದಿರುವುದನ್ನು ನಾನು ನೋಡಿದ್ದೇನೆ.

ನಾನೊಮ್ಮೆ ಈ ಮೆಟ್ಟಿಲು ಹಾರಿ ನೇರ ಡೈರೆಕ್ಟರ್‌ಗೆ ಸಿಟ್ಟಿನ ಮೇಲ್ ಕಳಿಸಿದ್ದೆ. ಮಾಲು ಎರಡೇ ದಿನದಲ್ಲಿ ಬಂತು. ಆದರೆ ಆ ಸೇಲ್ಸ್‌ನವರ ತಂದೆ ಆಸ್ಪತ್ರೆಯಲ್ಲಿದ್ದರೆಂದು ಆಮೇಲೆ ತಿಳಿಯಿತು. ಆ ಮೇಲೆ ಅವರು ಒಂದು ವರ್ಷ ನಮಗೆ ಸಿಗಬೇಕಾದ್ದನ್ನು ಯಾವುದನ್ನೂ ತಪ್ಪಿಸಲಿಲ್ಲ, ಆದರೆ ಅದಕ್ಕಿಂತ ಹೆಚ್ಚಿನದು ಏನೂ ಬರಲಿಲ್ಲ. ‘ಸೋಮವಾರದಿಂದ ರೇಟ್ ಏರುತ್ತೆ ಸರ್, ಇವತ್ತೇ ಪಿಒ ಕಳಿಸಿ’ ಎಂಬ ಫೋನ್ ನಿಂತುಹೋಯಿತು. ಆ ಮೇಲ್ ಕಳಿಸಿದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

17ರ ಸಂಜೆಯೂ ಉತ್ತರವಿಲ್ಲವೆಂದರೆ 18ರ ಬೆಳಗ್ಗೆ ಬ್ರಾಂಚ್ ಮ್ಯಾನೇಜರ್‌ಗೆ ಬರೆಯಿರಿ. ಒಂದೇ ಮೆಟ್ಟಿಲು ಮೇಲಕ್ಕೆ, ಎಂ.ಡಿ.ಗೆ ಅಲ್ಲ. ಎಂ.ಡಿ. ಆ ಮೇಲನ್ನು ಇದೇ ಮ್ಯಾನೇಜರ್‌ಗೆ ಕಳಿಸುತ್ತಾರೆ, ಆಗ ಮುನಿಸಿಕೊಳ್ಳುವವರು ಒಬ್ಬರಲ್ಲ, ಇಬ್ಬರು. ಹೆಸರು ಗೊತ್ತಿಲ್ಲದಿದ್ದರೆ ಕೊಟೇಶನ್‌ನ ಕೆಳಭಾಗ ನೋಡಿ, ಇಲ್ಲವೇ ಆಫೀಸಿಗೆ ಫೋನ್ ಮಾಡಿ ಕೇಳಿ. ಮೇಲ್ ಇಂಗ್ಲಿಷಿನಲ್ಲೇ ಇರುತ್ತದೆ, ಧಾಟಿ ಹೀಗಿರಲಿ:

‘ನಮಸ್ಕಾರ. ಈ ಪಿಒದ 2 ಟನ್ ಇಎನ್ 24 ಮಾಲು 10ಕ್ಕೆ ಬರಬೇಕಿತ್ತು. ಅಡ್ವಾನ್ಸ್ ಕಟ್ಟಿದ ವಿವರ ಜೊತೆಗಿದೆ, ಹಳೆಯ ಬಾಕಿ ಇಲ್ಲ. ಆರು ವರ್ಷದಿಂದ ನಮ್ಮನ್ನು ಚೆನ್ನಾಗಿ ನೋಡಿಕೊಂಡಿರುವ ನಿಮ್ಮ ಸೇಲ್ಸ್‌ನವರು ಸಿಸಿಯಲ್ಲಿದ್ದಾರೆ. 6ರಿಂದ ಅವರ ಸಂಪರ್ಕ ಸಿಕ್ಕಿಲ್ಲ. ನಮ್ಮಲ್ಲಿರುವ ಬಾರ್ 22ರವರೆಗೆ ಮಾತ್ರ ಸಾಲುತ್ತದೆ. ಪೂರ್ತಿ ಮಾಲು ಯಾವತ್ತು ಹೊರಡುತ್ತದೆ? ತಡವಾಗುವುದಾದರೆ 600 ಕಿಲೋ 20ರೊಳಗೆ ಕೊಡಬಹುದೇ? ನಾಳೆ ಮಧ್ಯಾಹ್ನದೊಳಗೆ ತಿಳಿಸಿ.’

ಎಷ್ಟು ಸಲ ಫೋನ್ ಮಾಡಿದೆ ಎಂಬ ಪಟ್ಟಿ ಇದರಲ್ಲಿಲ್ಲ, ‘ಬೇಜವಾಬ್ದಾರಿ’ ಎಂಬ ಮಾತೂ ಇಲ್ಲ. ಆ ಪದ ಒಂದು ಬಂದರೆ ಸಾಕು, ಮ್ಯಾನೇಜರ್ ತನ್ನ ಹುಡುಗನ ಪರ ನಿಲ್ಲಬೇಕಾಗುತ್ತದೆ, ಮಾಲಿನ ಮಾತು ಹಿಂದೆ ಬೀಳುತ್ತದೆ. 600 ಕಿಲೋದ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಪೂರ್ತಿ ಆರ್ಡರ್‌ಗೆ ಮಾತು ಕೊಡಲಾಗದ ಮ್ಯಾನೇಜರ್ ಅರ್ಧ ಗಾಡಿ ಮಾಲಿಗೆ ಹೂಂ ಅನ್ನಬಲ್ಲರು. ಮೇಲ್ ಕಳಿಸಿ ಒಂದು ಗಂಟೆಯ ಮೇಲೆ ಫೋನ್ ಮಾಡಿ.

‘ವಿಚಾರಿಸ್ತೀನಿ ಸರ್’ ಎಂದಷ್ಟೇ ಉತ್ತರ ಬಂದರೆ ಅದನ್ನು ಉತ್ತರವೆಂದು ಎಣಿಸಬೇಡಿ. ಯಾರು ಹೇಳುತ್ತಾರೆ, ಎಷ್ಟು ಗಂಟೆಗೆ ಎಂದು ಕೇಳಿ, ಅದನ್ನೇ ಮೇಲ್‌ನಲ್ಲಿ ಬರೆದಿಡಿ. ಆ ಗಂಟೆಯೂ ದಾಟಿದರೆ ರೀಜನಲ್ ಮ್ಯಾನೇಜರ್. ಅಲ್ಲೂ ಮೌನವಾದರೆ, ಅಡ್ವಾನ್ಸ್ ವಾಪಸ್ ಕೇಳುವ ಪತ್ರ ಕಂಪನಿಯ ರಿಜಿಸ್ಟರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಬೇಕು, ಎಂ.ಡಿ. ಹೆಸರಿಗೆ. ಅಷ್ಟರಲ್ಲಿ ಬೇರೆ ಕಡೆಯಿಂದ ಒಂದು ಕೊಟೇಶನ್ ತರಿಸಿಟ್ಟಿರಿ. ಎಂಎಸ್‌ಎಂಇ ಸಮಾಧಾನ್ ಪೋರ್ಟಲ್‌ಗೆ ಹೋಗುತ್ತೇನೆಂದು ಹೆದರಿಸಲು ಹೋಗಬೇಡಿ. ಅದಿರುವುದು ಮಾಲು ಕೊಟ್ಟ ಸಣ್ಣ ಉದ್ಯಮಗಳಿಗೆ ಕೊಂಡವರಿಂದ ಬರಬೇಕಾದ ಹಣಕ್ಕಾಗಿ. ಇಲ್ಲಿ ನೀವು ಕೊಂಡವರು.

ಮಾಲು ಬಂದ ದಿನ ಮೊದಲ ಫೋನ್ ಸೇಲ್ಸ್‌ನವರಿಗೆ ಹೋಗಲಿ. ‘ಮಾಲು ಬಂತು, ಟೆಸ್ಟ್ ಸರ್ಟಿಫಿಕೇಟ್ ಸರಿಯಿದೆ. ಲೈನ್ ನಿಲ್ಲುತ್ತಿತ್ತು, ಅದಕ್ಕೆ ಬರೆಯಬೇಕಾಯಿತು. ನೀವು ಆರಾಮಾ?’ ಎಂದು ಕೇಳಿ. ಮ್ಯಾನೇಜರ್‌ಗೆ ಕಳಿಸುವ ಥ್ಯಾಂಕ್ಸ್ ಮೇಲ್‌ನಲ್ಲಿ ಅವರನ್ನೂ ಸೇರಿಸಿ, ಜೊತೆಗೆ ಆಫೀಸಿನಲ್ಲೇ ಕೂರುವ ಇನ್ನೊಬ್ಬರ ಹೆಸರು, ನಂಬರ್ ಕೇಳಿ ಪಡೆಯಿರಿ. ಮುಂದಿನ ಪಿಒ ಇಬ್ಬರ ಹೆಸರಿಗೂ ಹೋಗಲಿ.