ಬಿಲ್ಲಿನಲ್ಲಿ ಐವತ್ತು ಲಕ್ಷ, ಈ-ವೇ ಬಿಲ್ಲಿನಲ್ಲಿ ಐದು ಲಕ್ಷ

ಚಿತ್ರದುರ್ಗದ ಹತ್ತಿರದ ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿನ ಮಂಡಿಗಳಲ್ಲಿ ಲಾರಿ ತುಂಬುವುದು ಮುಗಿಯುವಷ್ಟರಲ್ಲಿ ಎಷ್ಟೋ ಸಲ ರಾತ್ರಿ ಒಂಬತ್ತು ದಾಟಿರುತ್ತದೆ. ಹಮಾಲರು ಕೈಕಾಲು ತೊಳೆಯುತ್ತಿರುತ್ತಾರೆ. ಡ್ರೈವರ್ ಟಾರ್ಪಾಲು ಬಿಗಿದು "ಪೇಪರ್ ಕೊಡ್ರಿ ಸಾಹುಕಾರ್ರೆ" ಅಂತ ಬಾಗಿಲಲ್ಲಿ ನಿಂತಿರುತ್ತಾನೆ. ಬೆಳಗಿನಿಂದ ಲೆಕ್ಕ ಬರೆದು ಕಣ್ಣು ಸೋತ ಗುಮಾಸ್ತ ಆಗ ಈ-ವೇ ಬಿಲ್ ಮಾಡಲು ಕೂರುತ್ತಾನೆ. ಲಾರಿ ಹೊರಡುವ ಮುಂಚೆ ಮಾಲಿನ ವಿವರ, ಬೆಲೆ, ತೆರಿಗೆಯನ್ನು ಸರ್ಕಾರದ ಪೋರ್ಟಲಿಗೆ ಹಾಕಿ ನಂಬರ್ ಪಡೆಯುವ ಸಾಗಣೆ ಚೀಟಿ ಅದು.

ನಾನು ಕಂಡ ಒಂದು ಪ್ರಕರಣ ಶುರುವಾಗಿದ್ದು ಇಂಥದ್ದೇ ಹೊತ್ತಿನಲ್ಲಿ. ಹೊರರಾಜ್ಯಕ್ಕೆ ಹೊರಟ ಲೋಡು, 100 ಕ್ವಿಂಟಲ್ ರಾಶಿ ಅಡಿಕೆ. ಲೆಕ್ಕ ಸುಲಭವಾಗಲಿ ಅಂತ ಕ್ವಿಂಟಲಿಗೆ 48,000 ರೂಪಾಯಿ ಅಂತಿಟ್ಟುಕೊಳ್ಳೋಣ. ಮಾಲಿನ ಬೆಲೆ 48,00,000. ಒಣ ಅಡಿಕೆಗೆ ಜಿಎಸ್‌ಟಿ ಶೇ. 5, ಅಂದರೆ 2,40,000. ಬಿಲ್ಲಿನ ಒಟ್ಟು ಮೊತ್ತ 50,40,000. ಬಿಲ್ಲು ಸರಿಯಾಗಿಯೇ ಇತ್ತು. ಈ-ವೇ ಬಿಲ್ಲಿನಲ್ಲಿ ಮಾತ್ರ ಒಂದು ಸೊನ್ನೆ ಬಿಟ್ಟುಹೋಯಿತು. ಮಾಲಿನ ಬೆಲೆ 4,80,000, ತೆರಿಗೆ 24,000, ಒಟ್ಟು 5,04,000 ಅಂತ ದಾಖಲಾಯಿತು. ನಂಬರ್ ಬಂತು, ಪ್ರಿಂಟ್ ಬಂತು, ಲಾರಿ ಹೊರಟಿತು. ಯಾರೂ ಗಮನಿಸಲಿಲ್ಲ.

ಆ ಸೊನ್ನೆಯ ಬೆಲೆ ಎಷ್ಟಾಯಿತು ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ, ಸಾಗಣೆ ಚೀಟಿಯಲ್ಲಿ ಬೆಲೆಯ ಅಂಕಣಕ್ಕೆ ಇಷ್ಟೊಂದು ತೂಕ ಬಂದಿದ್ದು ಹೇಗೆ ಅಂತ ನೋಡಬೇಕು. ಮೊದಲು ಹೀಗಿರಲಿಲ್ಲ.

ವ್ಯಾಟ್ ಕಾಲದಲ್ಲಿ, ಅಂದರೆ 2005ರ ಏಪ್ರಿಲ್ ನಂತರ, ಮಾಲಿನ ಜೊತೆ ಡೆಲಿವರಿ ನೋಟ್ ಹೋಗುತ್ತಿತ್ತು. ಹಳಬರು ಈಗಲೂ ಅದನ್ನು 'ಐನೂರೈದು' ಅನ್ನುತ್ತಾರೆ, ವ್ಯಾಟ್ ಫಾರಂ 505. ಪುಸ್ತಕದ ಹಾಳೆಗೆ ಕಾರ್ಬನ್ ಇಟ್ಟು ಕೈಯಲ್ಲಿ ಬರೆಯುವುದು. ಮಾಲು, ತೂಕ, ಬೆಲೆ, ಲಾರಿ ನಂಬರ್ ಎಲ್ಲಾ ಅದರಲ್ಲಿರುತ್ತಿತ್ತು. ಆದರೆ ಆ ಬೆಲೆಯನ್ನು ನೋಡುತ್ತಿದ್ದವರು ಯಾರು? ದಾರಿಯ ಚೆಕ್‌ಪೋಸ್ಟಿನಲ್ಲಿ ಕೂತವರು ಮಾತ್ರ. ಅವರ ಮುದ್ರೆ ಬಿದ್ದರೆ ಅಲ್ಲಿಗೆ ಮುಗಿಯಿತು. ಆ ಹಾಳೆಯನ್ನೂ ವ್ಯಾಪಾರಿಯ ತಿಂಗಳ ರಿಟರ್ನನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಬೇಕಾದರೆ ಯಾರಾದರೂ ಕಡತ ಬಿಚ್ಚಿ ಕೂರಬೇಕಿತ್ತು. ಅಷ್ಟು ಪುರುಸೊತ್ತು ಯಾರಿಗಿತ್ತು? ಹಾಗಾಗಿ ಒಂದೇ ಚೀಟಿಯಲ್ಲಿ ಎರಡು ಲೋಡು ಸಾಗಿಸುವುದು, ಚೀಟಿಯಲ್ಲಿ ಒಂದು ಬೆಲೆ, ಅಂಗಡಿಯ ಪುಸ್ತಕದಲ್ಲಿ ಇನ್ನೊಂದು ಬೆಲೆ ಬರೆಯುವುದು, ಇವೆಲ್ಲ ನಡೆಯಲು ದಾರಿಯಿತ್ತು.

ಆಮೇಲೆ ಇ-ಸುಗಮ್ ಬಂತು. ಲಾರಿ ಹೊರಡುವ ಮುಂಚೆಯೇ ವಿವರವನ್ನು ವ್ಯಾಪಾರಿಯೇ ಇಲಾಖೆಯ ಕಂಪ್ಯೂಟರಿಗೆ ಹಾಕಿ ನಂಬರ್ ಪಡೆಯುವ ಪದ್ಧತಿ ಅದು. ನಮ್ಮ ರಾಜ್ಯ ಈ ವಿಷಯದಲ್ಲಿ ಮುಂದಿತ್ತು. ಚೀಟಿ ಬರೆದ ಹೊತ್ತು ಮತ್ತು ಬೆಲೆ ಇಲಾಖೆಯ ಬಳಿ ಉಳಿಯತೊಡಗಿದ್ದು ಅಲ್ಲಿಂದ. ನನ್ನ ಪ್ರಕಾರ ನಿಜವಾದ ತಿರುವು ಜಿಎಸ್‌ಟಿಯಲ್ಲ, ಇದೇ.

2017ರ ಜುಲೈ 1ರಂದು ಜಿಎಸ್‌ಟಿ ಬಂತು, ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. ಇ-ಸುಗಮ್ ಅನುಭವ ಇದ್ದಿದ್ದರಿಂದ ಕರ್ನಾಟಕ ಅದೇ ಸೆಪ್ಟೆಂಬರ್ 12ರಿಂದಲೇ ಈ-ವೇ ಬಿಲ್ ಶುರುಮಾಡಿತು. ದೇಶಕ್ಕೆಲ್ಲಾ 2018ರ ಫೆಬ್ರವರಿ 1ರಿಂದ ಅಂತ ಆಗಿತ್ತು. ಮೊದಲ ದಿನವೇ ಪೋರ್ಟಲ್ ಕೈಕೊಟ್ಟಿತು, ಮುಂದೂಡಿದರು. ಕೊನೆಗೆ ಏಪ್ರಿಲ್ 1ರಿಂದ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿಗೆ ಜಾರಿಯಾಯಿತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಜಾರಿಮಾಡಿದ್ದು ಕರ್ನಾಟಕ ಒಂದೇ.

ಈಗ ಬೆಲೆಯ ಮಾತು. 2018ರ ಮಾರ್ಚಿನಲ್ಲಿ ತಿದ್ದಿದ ಜಿಎಸ್‌ಟಿಯ 138ನೇ ನಿಯಮ ಒಂದು ವಿಷಯವನ್ನು ಬಿಡಿಸಿ ಹೇಳಿತು. ಸಾಗಿಸುವ ಮಾಲಿನ ಮೌಲ್ಯ ಅಂದರೆ ಬಿಲ್ಲಿನಲ್ಲೋ ಡೆಲಿವರಿ ಚಲನ್‌ನಲ್ಲೋ ತೋರಿಸಿದ ಮೌಲ್ಯ, ಮತ್ತು ಅದರ ಮೇಲೆ ಹಾಕಿದ ತೆರಿಗೆ, ಎರಡೂ ಸೇರಿದ್ದು. ಅಂದರೆ ಈ-ವೇ ಬಿಲ್ಲಿಗೆ ತನ್ನದೇ ಬೇರೆ ಬೆಲೆ ಇಲ್ಲ. ಅದು ಬಿಲ್ಲಿನ ಬೆಲೆಯ ನಕಲು. ಇಷ್ಟು ಅರ್ಥವಾದರೆ ಅರ್ಧ ಗೊಂದಲ ಕಳೆಯುತ್ತದೆ.

ದಾವಣಗೆರೆಯ ಬಟ್ಟೆ ಅಂಗಡಿಯವರೊಬ್ಬರು ನನ್ನನ್ನು ಕೇಳಿದ್ದರು, "ಮಾಲು 48,000ದ್ದು, ಐವತ್ತು ಸಾವಿರ ದಾಟಿಲ್ಲ, ಈ-ವೇ ಬಿಲ್ ಬೇಡ ಅಲ್ವಾ?" ಬೇಕು. ಶೇ. 5 ತೆರಿಗೆ ಸೇರಿದರೆ 50,400 ಆಗುತ್ತದೆ. ಮಿತಿ ನೋಡಬೇಕಾದ್ದು ಬಿಲ್ಲಿನ ಕೊನೆಯ ಸಾಲಿನಲ್ಲಿ.

ಬಾಡಿಗೆ, ಹಮಾಲಿ, ಪ್ಯಾಕಿಂಗ್ ವಿಷಯದಲ್ಲೂ ಇದೇ ಎಡವಟ್ಟು ಜಾಸ್ತಿ. ಮಾರುವವರು ಇವನ್ನು ಕೊಳ್ಳುವವರಿಂದ ಬಿಲ್ಲಿನಲ್ಲೇ ವಸೂಲು ಮಾಡಿದರೆ ಕಾಯ್ದೆಯ 15ನೇ ಕಲಂ ಪ್ರಕಾರ ಅವೂ ಮಾಲಿನ ಮೌಲ್ಯಕ್ಕೆ ಸೇರುತ್ತವೆ, ಅವುಗಳ ಮೇಲೂ ತೆರಿಗೆ ಬೀಳುತ್ತದೆ. ಗುಮಾಸ್ತರು ಈ-ವೇ ಬಿಲ್ಲಿಗೆ ಬರೀ ಅಡಿಕೆಯ ಬೆಲೆ ಹಾಕಿ ಹಮಾಲಿ, ಬಾಡಿಗೆ ಬಿಟ್ಟುಬಿಡುತ್ತಾರೆ. ಕೆಲವೇ ಸಾವಿರದ ವ್ಯತ್ಯಾಸ, ಆದರೂ ಎರಡು ಕಾಗದ ಎರಡು ಮಾತು ಹೇಳಿದಂತಾಗುತ್ತದೆ.

ಇನ್ನು ಆ ಲಾರಿಯ ಕಥೆ. ಎರಡನೇ ದಿನ ಹೆದ್ದಾರಿಯಲ್ಲಿ ತಪಾಸಣೆ ಅಧಿಕಾರಿ ಕೈ ತೋರಿಸಿ ನಿಲ್ಲಿಸಿದರು. ಡ್ರೈವರ್ ಬಿಲ್ಲು ಕೊಟ್ಟ, ಈ-ವೇ ಬಿಲ್ ಕೊಟ್ಟ. ಒಂದರಲ್ಲಿ ಐವತ್ತು ಲಕ್ಷ, ಇನ್ನೊಂದರಲ್ಲಿ ಐದು ಲಕ್ಷ. ಅಧಿಕಾರಿಯ ಜಾಗದಲ್ಲಿ ನಿಂತು ಯೋಚಿಸಿ. ಸರ್ಕಾರದ ಕಂಪ್ಯೂಟರಿಗೆ ತಿಳಿಸಿದ್ದು ಐದು ಲಕ್ಷ. ದಾರಿಯಲ್ಲಿ ಯಾರೂ ನಿಲ್ಲಿಸದಿದ್ದರೆ ಐವತ್ತರ ಬಿಲ್ಲು ಹರಿದು ಹಾಕಿ ಐದರದ್ದೇ ಪುಸ್ತಕಕ್ಕೆ ಹತ್ತಿಸಬಹುದಲ್ಲ ಅನ್ನುವ ಅನುಮಾನ ಬರುವುದು ಸಹಜ. ಅಡಿಕೆಯಲ್ಲಿ ಬೆಲೆ ಇಳಿಸಿ ತೋರಿಸುವ ಪ್ರಕರಣಗಳು ಹೊಸತಲ್ಲವಾದ್ದರಿಂದ ಆ ಅನುಮಾನ ಇನ್ನೂ ಗಟ್ಟಿ.

ಡ್ರೈವರ್ ಹೇಳಿಕೆ ಬರೆದುಕೊಂಡರು, ಮಾಲು ಎಣಿಸಿದರು, ತಡೆಹಿಡಿದ ಆದೇಶ ಕೊಟ್ಟರು. ತಡೆಹಿಡಿದ ಏಳು ದಿನದೊಳಗೆ ನೋಟಿಸ್, ನೋಟಿಸ್ ಕೊಟ್ಟ ಏಳು ದಿನದೊಳಗೆ ಆದೇಶ ಆಗಬೇಕು ಅಂತ 129ನೇ ಕಲಂ ಹೇಳುತ್ತದೆ. 2022ರ ಜನವರಿ 1ಕ್ಕೆ ಮುಂಚೆ ಮಾಲಿನ ಮಾಲೀಕರು ತೆರಿಗೆ ಮತ್ತು ಅಷ್ಟೇ ದಂಡ ಕಟ್ಟಿ ಬಿಡಿಸಿಕೊಳ್ಳಬಹುದಿತ್ತು. ಈಗ ಮಾಲೀಕರೇ ಮುಂದೆ ಬಂದರೆ ದಂಡ ತೆರಿಗೆಯ ಶೇ. 200. ಅದೂ ತಪ್ಪಾಗಿ ಟೈಪ್ ಮಾಡಿದ 24,000ದ ಮೇಲಲ್ಲ, ಮಾಲಿನ ನಿಜವಾದ ತೆರಿಗೆ 2,40,000ದ ಮೇಲೆ. ಅಲ್ಲಿಗೆ 4,80,000 ರೂಪಾಯಿ. ಗುಮಾಸ್ತ ತಪ್ಪಾಗಿ ಹೊಡೆದ ಬೆಲೆಯೂ 4,80,000! ಇದು ಕಾಕತಾಳೀಯವಲ್ಲ. ಶೇ. 5ರ ತೆರಿಗೆಯ ಎರಡರಷ್ಟು ಅಂದರೆ ಮಾಲಿನ ಬೆಲೆಯ ಹತ್ತನೇ ಒಂದು ಭಾಗ. ಒಂದು ಸೊನ್ನೆ ಬಿಟ್ಟರೂ ಹತ್ತನೇ ಒಂದು ಭಾಗ. ಶೇ. 5ರ ಯಾವ ಮಾಲಿನಲ್ಲೇ ಸೊನ್ನೆ ಬಿಡಿ, ನೀವು ತಪ್ಪಾಗಿ ಬರೆದ ಬೆಲೆಯೇ ದಂಡದ ಮೊತ್ತವಾಗಿ ಎದುರು ನಿಲ್ಲುತ್ತದೆ.

"ಟೈಪಿಂಗ್ ತಪ್ಪಿಗೆ ಸಾವಿರ ರೂಪಾಯಿ ದಂಡ ಅಷ್ಟೇ" ಅಂತ ಮಂಡಿಯವರು ವಾದಿಸಿದರು. ಆ ಮಾತಿಗೆ ಆಧಾರ 2018ರ ಸೆಪ್ಟೆಂಬರ್ 14ರ ಒಂದು ಸುತ್ತೋಲೆ. ಹೆಸರಿನ ಕಾಗುಣಿತ, ಪಿನ್‌ಕೋಡ್, ಬಿಲ್ ನಂಬರಿನಲ್ಲಿ ಅಥವಾ ಲಾರಿ ನಂಬರಿನಲ್ಲಿ ಒಂದೆರಡು ಅಂಕಿ, ಇಂಥ ತಪ್ಪುಗಳಿದ್ದರೆ ತಡೆಹಿಡಿಯಬೇಡಿ, ಒಟ್ಟು 1,000 ರೂಪಾಯಿ ದಂಡ ಹಾಕಿ ಅನ್ನುತ್ತದೆ ಅದು. ಆ ಪಟ್ಟಿಯಲ್ಲಿ ಬೆಲೆ ಇಲ್ಲ. ಆದರೆ ಪಟ್ಟಿ ಬರೀ ಉದಾಹರಣೆಗಳದ್ದು, ಅಷ್ಟಕ್ಕೇ ಮುಗಿಯುವುದಿಲ್ಲ ಅನ್ನುವ ಅರ್ಥವೂ ಅದರ ಮಾತಿನಲ್ಲಿದೆ. ವಕೀಲರು ಅಪೀಲಿನಲ್ಲಿ ಹಿಡಿಯುವುದು ಆ ಎಳೆಯನ್ನೇ. ಬಿಲ್ಲು ಸರಿಯಿತ್ತು, ಅದೇ ಬಿಲ್ಲು ಲಾರಿಯಲ್ಲೇ ಇತ್ತು, ಮುಚ್ಚಿಡುವ ಉದ್ದೇಶ ಇರಲಿಲ್ಲ ಅನ್ನುವುದು ಅಲ್ಲಿ ಗಟ್ಟಿ ವಾದ. ಅದು ನಿಲ್ಲಲೂಬಹುದು. ಆದರೆ ಅಷ್ಟರಲ್ಲಿ ದುಡ್ಡು ಕಟ್ಟಿಯೋ ಬ್ಯಾಂಕ್ ಗ್ಯಾರಂಟಿ ಕೊಟ್ಟೋ ಮಾಲು ಬಿಡಿಸಿಕೊಂಡಾಗಿರುತ್ತದೆ. ಈ ಮಂಡಿಯವರು ದುಡ್ಡು ಕಟ್ಟಿದರು. ಅಪೀಲು ಇನ್ನೂ ನಡೆದಿದೆ.

ಒಂದು ಮಿತಿಯನ್ನೂ ಹೇಳಬೇಕು. ಎರಡು ಕಾಗದ ತಾಳೆಯಾದರೆ ಬೆಲೆ ನಿಜ ಅಂತ ಅರ್ಥವಲ್ಲ. ಬಿಲ್ಲಿನಲ್ಲೇ ಬೆಲೆ ಇಳಿಸಿ, ಈ-ವೇ ಬಿಲ್ಲಿಗೂ ಅದನ್ನೇ ಹಾಕಿದವರ ಕಾಗದ ಚೆನ್ನಾಗಿಯೇ ತಾಳೆಯಾಗುತ್ತದೆ. ಆಗ ರಸ್ತೆಯ ಅಧಿಕಾರಿ "ಮಾರುಕಟ್ಟೆಗಿಂತ ಬೆಲೆ ಕಮ್ಮಿ" ಅನ್ನುವ ಒಂದೇ ಕಾರಣಕ್ಕೆ ಲಾರಿ ಹಿಡಿದಿಡುವಂತಿಲ್ಲ ಅಂತ ಕೇರಳ, ಛತ್ತೀಸಗಢ ಹೈಕೋರ್ಟುಗಳು ಹೇಳಿವೆ. ಅದನ್ನು ಆ ವ್ಯಾಪಾರಿಯ ತೆರಿಗೆ ಅಧಿಕಾರಿ ಲೆಕ್ಕಪುಸ್ತಕ ತರಿಸಿ ನೋಡಬೇಕು. ರಸ್ತೆಯಲ್ಲಿ ನೋಡುವುದು ಎರಡು ಕಾಗದದ ತಾಳೆ, ಕಚೇರಿಯಲ್ಲಿ ನೋಡುವುದು ಬೆಲೆಯ ಸತ್ಯ.

ಸೊನ್ನೆ ಜಾಸ್ತಿಯಾದರೆ? ರಸ್ತೆಯಲ್ಲಿ ಬಚಾವಾದರೂ ಕಚೇರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಈ-ವೇ ಬಿಲ್ಲುಗಳ ಮೊತ್ತವನ್ನು ಇಲಾಖೆ ನಿಮ್ಮ ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್ ಜೊತೆ ಹೋಲಿಸುತ್ತದೆ. 48 ಲಕ್ಷದ ಬಿಲ್ಲಿಗೆ 4.8 ಕೋಟಿಯ ಈ-ವೇ ಬಿಲ್ ಇದ್ದರೆ ಉಳಿದ ಮಾರಾಟ ಎಲ್ಲಿ ಅಂತ ನೋಟಿಸ್ ಬರುತ್ತದೆ. ವ್ಯಾಪಾರ ಮುರಿದುಬಿದ್ದಾಗ ರದ್ದು ಮಾಡದೆ ಬಿಟ್ಟ ಈ-ವೇ ಬಿಲ್ಲಿಗೂ ಇದೇ ಗತಿ.

ಇ-ಇನ್‌ವಾಯ್ಸ್ ಬಂದ ಮೇಲೆ ದೊಡ್ಡವರಿಗೆ ಈ ತೊಂದರೆ ಕಮ್ಮಿಯಾಗಿದೆ. 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದ ವಹಿವಾಟಿನವರು ಬಿಲ್ಲನ್ನೇ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಅಲ್ಲಿಂದಲೇ ಈ-ವೇ ಬಿಲ್ ತೆಗೆದರೆ ಬೆಲೆ ತಾನಾಗಿ ಬರುತ್ತದೆ, ಎರಡನೇ ಸಲ ಟೈಪ್ ಮಾಡುವ ಕೆಲಸವೇ ಇಲ್ಲ. ಅದಕ್ಕಿಂತ ಚಿಕ್ಕ ಮಂಡಿ, ಮಿಲ್ಲು, ಅಂಗಡಿಯವರು ಇನ್ನೂ ಕೈಯಲ್ಲೇ ಹೊಡೆಯುತ್ತಾರೆ. ಅಪಾಯ ಉಳಿದಿರುವುದು ಅವರಿಗೇ.

ತಪ್ಪು ಕಂಡರೆ ಏನು ಮಾಡಬೇಕು? ಈ-ವೇ ಬಿಲ್ಲಿನ ಎರಡನೇ ಭಾಗದಲ್ಲಿ ಲಾರಿ ನಂಬರ್ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬೆಲೆ ಇರುವ ಮೊದಲ ಭಾಗವನ್ನು ಒಮ್ಮೆ ನಂಬರ್ ಬಂದ ಮೇಲೆ ತಿದ್ದಲಾಗುವುದಿಲ್ಲ. ರದ್ದು ಮಾಡಿ ಹೊಸದು ಮಾಡಬೇಕು, ಅದಕ್ಕೆ 24 ಗಂಟೆ ಅವಕಾಶ. ಅಷ್ಟರೊಳಗೆ ದಾರಿಯಲ್ಲಿ ಯಾವ ಅಧಿಕಾರಿಯಾದರೂ ಪರಿಶೀಲಿಸಿಬಿಟ್ಟರೆ ರದ್ದಾಗುವುದಿಲ್ಲ. ಲಾರಿ ಹೊಸಪೇಟೆ ದಾಟಿದ್ದರೂ ಚಿಂತೆಯಿಲ್ಲ, ಹೊಸ ನಂಬರನ್ನು ಡ್ರೈವರ್ ಮೊಬೈಲಿಗೆ ಕಳಿಸಿದರೆ ಸಾಕು. ಆದರೆ ಈ-ವೇ ಬಿಲ್ಲಿಗೆ ಹೊಂದಲಿ ಅಂತ ಬಿಲ್ಲನ್ನು ಮಾತ್ರ ತಿದ್ದಬೇಡಿ. ಸರಿಯಿದ್ದ ಒಂದೇ ಕಾಗದ ಅದು, ಅಪೀಲಿನಲ್ಲಿ ಕೈಹಿಡಿಯುವುದೂ ಅದೇ.

ಆ ಮಂಡಿಯಲ್ಲಿ ಈಗ ಪ್ರಿಂಟ್ ತೆಗೆದ ಮೇಲೆ ಗುಮಾಸ್ತ Value of Goods ಅನ್ನುವ ಸಾಲಿಗೆ ಬೆರಳಿಟ್ಟು ಅಂಕಿ ಅಂಕಿಯಾಗಿ ಗಟ್ಟಿಯಾಗಿ ಓದುತ್ತಾನೆ, "ಐದು, ಸೊನ್ನೆ, ನಾಲ್ಕು, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ." ಸಾಹುಕಾರರು ಬಿಲ್ಲಿನ ಕೊನೆಯ ಸಾಲು ನೋಡಿ ಹೂಂ ಅಂದ ಮೇಲೆ ಕಾಗದ ಡ್ರೈವರ್ ಕೈಗೆ ಹೋಗುತ್ತದೆ.