ಬಟನ್ ಮೇಲಿನ ಚಿತ್ರವನ್ನು ಬಿಡಿಸುವವರು ಯಾರು?

ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ U+25B6 ಎಂಬ ಸಂಖ್ಯೆಯ ಒಂದು ಚಿಹ್ನೆಯಿದೆ: ಬಲಕ್ಕೆ ಮುಖ ಮಾಡಿದ ಕಪ್ಪು ತ್ರಿಕೋನ. 1990ರ ದಶಕದಿಂದಲೂ ಅದು ಅಲ್ಲಿದೆ. ಹಾಡು, ವಿಡಿಯೊ ಶುರು ಮಾಡುವ ಬಟನ್‌ಗೆ ಚಿತ್ರ ಬೇಕಾದಾಗ ಅನೇಕರು ಇದನ್ನೇ ಟೈಪ್ ಮಾಡಿ ಮುಗಿಸಿದರು. ಪಕ್ಕದ ಅಕ್ಷರದ ಬಣ್ಣವನ್ನೇ ಅದೂ ತಳೆಯುತ್ತಿತ್ತು. ಮುಂದೊಂದು ದಿನ, ಪುಟದ ಒಂದು ಸಾಲನ್ನೂ ಯಾರೂ ಮುಟ್ಟದಿದ್ದರೂ, ಕೆಲವು ಫೋನ್‌ಗಳಲ್ಲಿ ಆ ತ್ರಿಕೋನ ಬಣ್ಣದ ಚೌಕದೊಳಗೆ ಕುಳಿತ ಚಿತ್ರವಾಗಿಬಿಟ್ಟಿತು.

ಕಾರಣ ಜಪಾನಿನಲ್ಲಿದೆ. 1999ರಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿಯ ಐ-ಮೋಡ್ ಎಂಬ ಮೊಬೈಲ್ ಇಂಟರ್ನೆಟ್ ಸೇವೆಗಾಗಿ ಶಿಗೆತಕ ಕುರಿತಾ 176 ಪುಟ್ಟ ಚಿತ್ರಗಳನ್ನು, ಅಂದರೆ ಎಮೋಜಿಗಳನ್ನು, ರೂಪಿಸಿದರು; ಒಂದೊಂದೂ 12 ಚುಕ್ಕಿ ಅಗಲ, 12 ಚುಕ್ಕಿ ಎತ್ತರ. ಬೇರೆ ಮೊಬೈಲ್ ಕಂಪನಿಗಳಿಗೂ ಅವುಗಳದೇ ಗುಂಪುಗಳಿದ್ದವು. ಒಂದರಿಂದ ಕಳಿಸಿದ ಸಂದೇಶ ಇನ್ನೊಂದರಲ್ಲಿ ಕೆಡಬಾರದೆಂದು 2010ರ ಅಕ್ಟೋಬರ್‌ನಲ್ಲಿ ಬಂದ ಯೂನಿಕೋಡ್ 6.0 ಅವುಗಳಲ್ಲಿ ಹೆಚ್ಚಿನವನ್ನು ಒಂದೇ ಪಟ್ಟಿಗೆ ತಂದಿತು. ಮೊದಲೇ ಇದ್ದ ಚಿಹ್ನೆಗಳಿಗೆ ಹೊಸ ಸಂಖ್ಯೆ ಕೊಡಲಿಲ್ಲ. ತ್ರಿಕೋನ, ಹೃದಯ, ಟೆಲಿಫೋನ್ ಹೀಗೆ ಎರಡು ವೇಷದ ಅಕ್ಷರಗಳಾದವು. ಯಾವ ವೇಷ ಬೇಕೆಂದು ಹೇಳಲು ಕಣ್ಣಿಗೆ ಕಾಣದ ಸಂಕೇತವೊಂದನ್ನು ಹಿಂದೆ ಸೇರಿಸಬಹುದು: U+FE0E ಬಂದರೆ ಅಕ್ಷರ, U+FE0F ಬಂದರೆ ಎಮೋಜಿ. ಆದರೆ ಎಲ್ಲ ತಂತ್ರಾಂಶಗಳೂ ಇದನ್ನು ಪಾಲಿಸುವುದಿಲ್ಲ.

ಎಮೋಜಿ ಎಂದರೆ ಚಿತ್ರವಲ್ಲ, ಅಕ್ಷರ. ಅದನ್ನು ಬಿಡಿಸುವುದು ಓದುಗರ ಫೋನಿನ ಫಾಂಟ್. ಸಂದೇಶದಲ್ಲಿ ಇದು ವರವೇ. ಬಟನ್ ಮೇಲೆ ಮಾತ್ರ ನಮ್ಮ ಆ್ಯಪ್‌ನ ಮುಖವನ್ನು ಬೇರೆಯವರ ಕೈಗೆ ಒಪ್ಪಿಸಿದಂತೆ. 2016ರಲ್ಲಿ ಆ್ಯಪಲ್ ಪಿಸ್ತೂಲಿನ ಎಮೋಜಿಯನ್ನು ನೀರು ಚಿಮ್ಮುವ ಆಟಿಕೆಯಾಗಿ ಬದಲಿಸಿತು. ಉಳಿದ ದೊಡ್ಡ ಕಂಪನಿಗಳು ಅದೇ ದಾರಿ ಹಿಡಿದದ್ದು 2018ರ ಹೊತ್ತಿಗೆ. ನಡುವಿನ ಆ ಅವಧಿಯಲ್ಲಿ ಒಬ್ಬರು ಕಳಿಸಿದ ಆಟಿಕೆ ಇನ್ನೊಬ್ಬರಿಗೆ ನಿಜವಾದ ಆಯುಧವಾಗಿ ಕಾಣಬಹುದಿತ್ತು.

ನಮ್ಮ ಆ್ಯಪ್‌ಗಳಿಗೆ ಇನ್ನೊಂದು ಕೊರತೆ ತಟ್ಟುತ್ತದೆ. ಎಮೋಜಿಗಳಲ್ಲಿ ಯೆನ್, ಡಾಲರ್, ಯೂರೊ, ಪೌಂಡ್ ನೋಟುಗಳಿವೆ. ರೂಪಾಯಿ ನೋಟು ಇಲ್ಲ. ಹಣದ ಚೀಲದ ಎಮೋಜಿ ಹಾಕಿದರೆ ಹೆಚ್ಚಿನ ಫೋನ್‌ಗಳಲ್ಲಿ ಅದರ ಮೇಲೆ ಡಾಲರ್ ಗುರುತಿರುತ್ತದೆ. ಹಾಲಿನ ಡೇರಿಯ ಲೆಕ್ಕದ ಆ್ಯಪ್‌ನಲ್ಲಿ ಡಾಲರ್ ಚೀಲ ಕಂಡರೆ ಅದು ಎಲ್ಲಿಂದಲೋ ತಂದು ಅಂಟಿಸಿದಂತೆ ಅನಿಸುವುದು ಸಹಜ. ಬಣ್ಣವೂ ನಮ್ಮ ಮಾತು ಕೇಳುವುದಿಲ್ಲ. ಬಟನ್ ಒತ್ತಲಾಗದ ಸ್ಥಿತಿಯಲ್ಲಿದ್ದರೆ ಐಕಾನನ್ನು ಬೂದು ಬಣ್ಣಕ್ಕೆ ತಿರುಗಿಸುತ್ತೇವೆ. ಅಕ್ಷರದ ಬಣ್ಣ ಬದಲಿಸಿದರೂ ಎಮೋಜಿ ಮಾತ್ರ ತನ್ನ ಕೆಂಪು, ಹಳದಿಯಲ್ಲೇ ಹೊಳೆಯುತ್ತಿರುತ್ತದೆ.

ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಎಮೋಜಿಯ ಹೆಸರನ್ನು ಓದುತ್ತದೆ, ಬಟನ್‌ನ ಕೆಲಸವನ್ನಲ್ಲ. ಕಸದ ಬುಟ್ಟಿಯ ಎಮೋಜಿ ಇದ್ದರೆ ಕಿವಿಗೆ ಬೀಳುವುದು ‘ಕಸದ ಬುಟ್ಟಿ, ಬಟನ್’ ಎಂಬಂಥ ಮಾತು. ಅಳಿಸುವುದು ಏನನ್ನು, ಈ ಸಾಲನ್ನೋ ಇಡೀ ಖಾತೆಯನ್ನೋ, ಅವರೇ ಊಹಿಸಬೇಕು. ಹಾಗೆಂದು ಎಮೋಜಿ ಬಿಟ್ಟು ನಾವೇ ಐಕಾನ್ ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೆಸರು ಕೊಡದ ಐಕಾನ್ ಇನ್ನೂ ಕೆಟ್ಟದ್ದು, ಬರೀ ‘ಬಟನ್’ ಎಂದಷ್ಟೇ ಕೇಳಿಸಬಹುದು.

ಐಕಾನ್‌ಗಳೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದಿದ್ದವು. 2012ರ ಸುಮಾರಿಗೆ ಐಕಾನ್‌ಗಳನ್ನು ಫಾಂಟ್‌ನಲ್ಲಿ ತುಂಬಿ ಬಳಸುವ ರೂಢಿ ಹಬ್ಬಿತು. ಫಾಂಟ್ ಬರದಿದ್ದರೆ ಐಕಾನ್ ಜಾಗದಲ್ಲಿ ಖಾಲಿ ಚೌಕ. ಡಿಸ್ಲೆಕ್ಸಿಯಾ ಇರುವವರು ಓದಲು ಸುಲಭವೆಂದು ತಮ್ಮದೇ ಫಾಂಟ್ ಹಾಕಿಕೊಂಡರೂ ಅದೇ ಗತಿ. ಗಿಟ್‌ಹಬ್ 2016ರಲ್ಲಿ ಐಕಾನ್ ಫಾಂಟ್ ಬಿಟ್ಟು, ರೇಖಾಚಿತ್ರವನ್ನೇ ಪುಟದಲ್ಲಿ ಬರೆಯುವ ಎಸ್‌ವಿಜಿಗೆ ಬದಲಾಯಿತು. ಮೇಲಿನ ತ್ರಿಕೋನವನ್ನು ಹಾಗೆ ಬರೆದರೆ ಇಷ್ಟೇ:

```html
<button aria-label="ಹಾಡು ಕೇಳಿ">
  <svg aria-hidden="true" width="24" height="24"
       viewBox="0 0 24 24" fill="currentColor">
    <path d="M8 5v14l11-7z"/>
  </svg>
</button>
```

`currentColor` ಇರುವುದರಿಂದ ಬಟನ್‌ನ ಅಕ್ಷರದ ಬಣ್ಣವೇ ತ್ರಿಕೋನಕ್ಕೂ ಬರುತ್ತದೆ; ಕಪ್ಪು ಹಿನ್ನೆಲೆಗೆ ಬದಲಿಸಿದಾಗ ಬಟನ್‌ನ ಅಕ್ಷರ ಬಿಳಿಯಾದರೆ ಅದೂ ಬಿಳಿಯಾಗುತ್ತದೆ. ಸ್ಕ್ರೀನ್ ರೀಡರ್ ಚಿತ್ರವನ್ನು ದಾಟಿ ‘ಹಾಡು ಕೇಳಿ’ ಎಂದು ಓದುತ್ತದೆ. ಜಾಗವಿದ್ದರೆ ಆ ಪದಗಳನ್ನು ಬಟನ್ ಮೇಲೆಯೇ ಕಾಣುವಂತೆ ಬರೆಯುವುದು ಇನ್ನೂ ಒಳ್ಳೆಯದು. ಆಗ `aria-label` ಬೇಕಾಗುವುದಿಲ್ಲ.

ಸಂದೇಶಕ್ಕೆ ಪ್ರತಿಕ್ರಿಯೆ ತೋರಿಸುವಲ್ಲಿ, ಮನಸ್ಸಿನ ಸ್ಥಿತಿ ಆರಿಸಿಕೊಳ್ಳುವಲ್ಲಿ ಎಮೋಜಿಯನ್ನು ನಾನೂ ಬಯಸುತ್ತೇನೆ, ಅಲ್ಲಿ ಅದು ಮಾತೇ ಆಗಿರುತ್ತದೆ. ಭಾಷೆ ಆರಿಸುವ ಮೆನುವಿನಲ್ಲಿ ಮಾತ್ರ ಧ್ವಜದ ಎಮೋಜಿ ಬೇಡವೇ ಬೇಡ. ಕನ್ನಡ, ತಮಿಳು, ತೆಲುಗು ಮೂರರ ಮುಂದೆಯೂ ಒಂದೇ ತ್ರಿವರ್ಣ ನಿಲ್ಲುತ್ತದೆ. ವಿಂಡೋಸ್‌ನ ಎಮೋಜಿ ಫಾಂಟ್‌ನಲ್ಲಿ ದೇಶಗಳ ಧ್ವಜಗಳೇ ಇಲ್ಲದ ಕಾರಣ ಅಲ್ಲಿ ಕ್ರೋಮ್ ತೆರೆದವರಿಗೆ ಮೂರು ಸಾಲಿನಲ್ಲೂ `IN` ಎಂಬ ಎರಡು ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ. ಆ ಜಾಗದಲ್ಲಿ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದರೆ ಸಾಕು.