ಲೋಡ್ ಇಲ್ಲದ ಲೈನಿನ ತುದಿಯಲ್ಲಿ ವೋಲ್ಟೇಜ್ ಯಾಕೆ ಏರುತ್ತದೆ?

ಉದ್ದನೆಯ ವೈರಿನ ಕೊನೆಗೆ ಹೋದಷ್ಟೂ ವೋಲ್ಟೇಜ್ ಕಡಿಮೆಯಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಊರಾಚೆಯ ತೋಟದ ಪಂಪ್‌ಸೆಟ್ ಇರುವವರಿಗಂತೂ ಚೆನ್ನಾಗಿಯೇ ಗೊತ್ತು. ಆದರೆ 400 ಕೆವಿ ಲೈನೊಂದು 400 ಕಿಲೋಮೀಟರ್ ಉದ್ದವಿದೆ, ಆ ತುದಿಯಲ್ಲಿ ಬ್ರೇಕರ್ ಅನ್ನುವ ದೊಡ್ಡ ಸ್ವಿಚ್ ಇನ್ನೂ ಆನ್ ಮಾಡಿಲ್ಲ ಅಂತಿಟ್ಟುಕೊಳ್ಳಿ. ಈ ತುದಿಯಲ್ಲಿ ಸರಿಯಾಗಿ 400 ಕೆವಿ ಕೊಟ್ಟರೆ ಆ ತುದಿಯ ಮೀಟರ್ ಸುಮಾರು 440 ತೋರಿಸುತ್ತದೆ. ನಮ್ಮ ಗ್ರಿಡ್ ನಿಯಮದ ಪ್ರಕಾರ 400 ಕೆವಿ ಲೈನಿನಲ್ಲಿ 420 ಮೀರುವಂತಿಲ್ಲ. ಲೈನ್ ಇನ್ನೂ ಒಂದು ಬಲ್ಬನ್ನೂ ಉರಿಸಿಲ್ಲ, ಆಗಲೇ ಮಿತಿ ದಾಟಿದೆ.

ಕಾರಣ ಲೈನಿನೊಳಗೇ ಇದೆ. ಲೈನ್ ಅಂದರೆ ಬರೀ ತಂತಿಯಲ್ಲ. ತಂತಿಗೂ ನೆಲಕ್ಕೂ ನಡುವೆ, ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ ಗಾಳಿಯಿದೆ. ಅದು ಉದ್ದಕ್ಕೂ ಹರಡಿಕೊಂಡಿರುವ ಕೆಪಾಸಿಟರ್. ಸೆಕೆಂಡಿಗೆ 50 ಸಲ ಅದನ್ನು ತುಂಬಿ ಖಾಲಿ ಮಾಡಲು ಕರೆಂಟ್ ಹರಿಯಲೇಬೇಕು. ಇದೇ ಚಾರ್ಜಿಂಗ್ ಕರೆಂಟ್. ಪ್ರತಿ ಫೇಸಿಗೆ ಮೂಸ್ ಅನ್ನುವ ದಪ್ಪ ತಂತಿ ಎರಡೆರಡು ಇರುವ ನಮ್ಮ ಸಾಮಾನ್ಯ 400 ಕೆವಿ ಲೈನಿನಲ್ಲಿ, ಈ ಉದ್ದಕ್ಕೆ ಅದು ಸುಮಾರು 340 ಆಂಪಿಯರ್. ಲೋಡ್ ಸೊನ್ನೆ, ಆದರೂ ಕರೆಂಟ್ 340!

ಈ ಕರೆಂಟ್ ವೋಲ್ಟೇಜಿಗಿಂತ ಕಾಲು ಸುತ್ತು ಮುಂದೆ ನಡೆಯುತ್ತದೆ. ಅದು ಹರಿಯುವ ತಂತಿಗೆ ಇಂಡಕ್ಟೆನ್ಸ್ ಕೂಡ ಇದೆ, ಮತ್ತು ಇಂಡಕ್ಟೆನ್ಸಿನ ಮೇಲೆ ಬೀಳುವ ವೋಲ್ಟೇಜ್ ಕರೆಂಟಿಗಿಂತ ಇನ್ನೂ ಕಾಲು ಸುತ್ತು ಮುಂದೆ. ಎರಡು ಕಾಲು ಸೇರಿದರೆ ಅರ್ಧ ಸುತ್ತು. ಅಂದರೆ ಚಿಹ್ನೆ ತಿರುಗುಮುರುಗು. ದಾರಿಯಲ್ಲಿ ಕಳೆಯಬೇಕಿದ್ದ ವೋಲ್ಟೇಜ್ ಕೂಡುತ್ತಾ ಹೋಗುತ್ತದೆ.

ಉದ್ದ ಹೆಚ್ಚಾದಂತೆ ಏರಿಕೆ ನೇರ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಉದ್ದ ಜಾಸ್ತಿಯಾದರೆ ಚಾರ್ಜಿಂಗ್ ಕರೆಂಟೂ ಜಾಸ್ತಿ, ಅದು ಹಾಯಬೇಕಾದ ಇಂಡಕ್ಟೆನ್ಸೂ ಜಾಸ್ತಿ. ಹಾಗಾಗಿ ಉದ್ದ ಎರಡು ಪಟ್ಟಾದರೆ ಏರಿಕೆ ಸುಮಾರು ನಾಲ್ಕು ಪಟ್ಟು. 100 ಕಿಲೋಮೀಟರಿಗೆ ಅರ್ಧ ಶೇಕಡಾದ ಆಸುಪಾಸು, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. 200ಕ್ಕೆ ಶೇ. 2.3. 400ಕ್ಕೆ ಹತ್ತಿರ ಹತ್ತಿರ ಶೇ. 10.

ಪುಸ್ತಕದ ಲೆಕ್ಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ತೊಂದರೆ ಇದಕ್ಕಿಂತ ದೊಡ್ಡದು. ಈ ತುದಿಯ ವೋಲ್ಟೇಜ್ 400ರಲ್ಲೇ ನಿಂತಿರುತ್ತದೆ ಅಂತ ನಾವು ಸುಮ್ನೆ ಒಪ್ಪಿಕೊಂಡೆವು, ಅಲ್ವಾ? ಅದೂ ನಿಲ್ಲುವುದಿಲ್ಲ. ಚಾರ್ಜಿಂಗ್ ಕರೆಂಟ್ ಬರುವುದು ಹಿಂದಿನ ಜನರೇಟರ್, ಟ್ರಾನ್ಸ್‌ಫಾರ್ಮರ್, ಬೇರೆ ಲೈನುಗಳ ಮೂಲಕ. ಅವುಗಳಲ್ಲೂ ಇಂಡಕ್ಟೆನ್ಸ್ ಇದೆ. ಅಲ್ಲೂ ಅದೇ ಆಟ. ಈ ತುದಿಯ ಬಸ್, ಅಂದರೆ ಸಬ್‌ಸ್ಟೇಷನ್ನಿನಲ್ಲಿ ಲೈನುಗಳೆಲ್ಲ ಬಂದು ಸೇರುವ ವಾಹಕ, ಸ್ವಲ್ಪ ದುರ್ಬಲ, ಅದರ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 5000 ಎಂವಿಎ ಅಂತಿರಲಿ. ನಮ್ಮ ಲೈನ್ ಅದಕ್ಕೆ ಸುಮಾರು 235 ಮೆಗಾವಾರ್ ರಿಯಾಕ್ಟಿವ್ ಪವರ್, ಅಂದರೆ ಕೆಲಸ ಮಾಡದೆ ಹಿಂದೆ ಮುಂದೆ ಓಡಾಡುವ ಪವರ್, ತಳ್ಳುತ್ತದೆ. ಬಸ್ಸೇ 400ರಿಂದ 420ಕ್ಕೆ ಏರುತ್ತದೆ. ಅದರ ಮೇಲೆ ಲೈನಿನ ಶೇ. 10 ಸೇರಿದರೆ ಆ ತುದಿಯಲ್ಲಿ 461 ಕೆವಿ. ಓವರ್‌ವೋಲ್ಟೇಜ್ ರಿಲೇಯ ಮೊದಲ ಹಂತವನ್ನು ಸಾಮಾನ್ಯವಾಗಿ ಶೇ. 110ರ ಸುತ್ತಮುತ್ತ, ಕೆಲವು ಸೆಕೆಂಡುಗಳ ತಡವಿಟ್ಟು ಹೊಂದಿಸಿರುತ್ತಾರೆ. 461 ಅಂದರೆ ಶೇ. 115. ಲೈನ್ ಚಾರ್ಜ್ ಆದ ಕೆಲವೇ ಸೆಕೆಂಡಿಗೆ ಟ್ರಿಪ್.

1890ರ ಸುಮಾರಿಗೆ ಲಂಡನ್ನಿನ ಡೆಪ್ಟ್‌ಫೋರ್ಡ್ ಕೇಂದ್ರದಿಂದ ಸೆಬಾಸ್ಟಿಯನ್ ಫೆರಾಂಟಿ 10,000 ವೋಲ್ಟಿನ ಕೇಬಲ್ ಎಳೆದಾಗ ಈ ಏರಿಕೆ ಕಣ್ಣಿಗೆ ಬಿತ್ತು. ಇವತ್ತಿಗೂ ಅದು ಫೆರಾಂಟಿ ಪರಿಣಾಮ. ಆ ಕೇಬಲ್ ಹತ್ತು ಹನ್ನೊಂದು ಕಿಲೋಮೀಟರಿನದ್ದು. ಅಷ್ಟು ಗಿಡ್ಡ ಕೇಬಲಿನಲ್ಲಿ ಉದ್ದದಿಂದ ಬರುವ ಏರಿಕೆ ತೀರಾ ಸಣ್ಣದು. ಅಲ್ಲಿ ದೊಡ್ಡ ಪಾಲು ಹಿಂದಿನ ಯಂತ್ರ, ಟ್ರಾನ್ಸ್‌ಫಾರ್ಮರುಗಳ ಇಂಡಕ್ಟೆನ್ಸಿನದ್ದೇ ಆಗಿರಬೇಕು. ಅದಕ್ಕೇ ಬಸ್ಸಿನ ದುರ್ಬಲತೆಯನ್ನು ಲೆಕ್ಕದಿಂದ ಬಿಡಬಾರದು ಅಂತ ನಾನು ಒತ್ತಿ ಹೇಳುವುದು.

ಮದ್ದು ಶಂಟ್ ರಿಯಾಕ್ಟರ್. ನೋಡಲು ಟ್ರಾನ್ಸ್‌ಫಾರ್ಮರಿನ ಹಾಗೇ ಇರುತ್ತದೆ. ಎಣ್ಣೆ ತುಂಬಿದ ಟ್ಯಾಂಕು, ರೇಡಿಯೇಟರು, ಬುಶಿಂಗು. ಆದರೆ ಒಳಗೆ ಪ್ರತಿ ಫೇಸಿಗೆ ಒಂದೇ ಸುರುಳಿ. ಕಬ್ಬಿಣದ ಕೋರಿನ ನಡುನಡುವೆ ಬೇಕಂತಲೇ ಅಂತರ ಬಿಟ್ಟಿರುತ್ತಾರೆ, ಕೋರ್ ಬೇಗ ಸ್ಯಾಚುರೇಟ್ ಆಗದಿರಲಿ ಅಂತ. ಆ ಅಂತರಗಳನ್ನು ಕಾಂತಬಲ ಸೆಕೆಂಡಿಗೆ 100 ಸಲ ಎಳೆದು ಬಿಡುತ್ತದೆ. ಯಾರ್ಡಿನಲ್ಲಿ ಗುಂಯ್ ಅನ್ನುವ ದಪ್ಪ ಸದ್ದು ಅದೇ. ಲೈನಿಗೂ ನೆಲಕ್ಕೂ ನಡುವೆ ಕೂತು, ಕೆಪಾಸಿಟರ್ ಕೇಳುವ ಕರೆಂಟಿನ ಒಂದಷ್ಟನ್ನು ಅದು ಅಲ್ಲೇ ಒದಗಿಸುತ್ತದೆ. ಅಷ್ಟರ ಮಟ್ಟಿಗೆ ದೂರದಿಂದ ಕರೆಂಟ್ ಬರಬೇಕಾಗಿಲ್ಲ.

ನಮ್ಮ ಲೈನಿನ ಎರಡೂ ತುದಿಗೆ 80 ಮೆಗಾವಾರಿನ ಒಂದೊಂದು ರಿಯಾಕ್ಟರ್ ಹಾಕೋಣ. ಈ 80 ಅನ್ನುವುದು 420 ಕೆವಿಯಲ್ಲಿ ಅದರ ರೇಟಿಂಗ್. 400ರಲ್ಲಿ ಸುಮಾರು 73. ಆ ತುದಿಯ ರಿಯಾಕ್ಟರಿನಿಂದ ಲೈನಿನೊಳಗಿನ ಏರಿಕೆ ಶೇ. 10ರಿಂದ ಶೇ. 3ರ ಚಿಲ್ಲರೆಗೆ ಇಳಿಯುತ್ತದೆ. ಎರಡೂ ಸೇರಿ ಬಸ್ಸಿನ ಮೇಲೆ ಬೀಳುತ್ತಿದ್ದ 235 ಮೆಗಾವಾರನ್ನು 80ಕ್ಕೆ ತರುತ್ತವೆ. ಬಸ್ 420ರ ಬದಲು 406ರ ಹತ್ತಿರ. ಆ ತುದಿಯಲ್ಲಿ 420. ಮಿತಿಯ ಗೆರೆಯ ಮೇಲೆಯೇ ಬಂದು ನಿಂತಿದೆ. ಅದಕ್ಕೇ ಕಂಟ್ರೋಲ್ ರೂಮಿನವರು ಇಂಥ ಲೈನ್ ಚಾರ್ಜ್ ಮಾಡುವ ಮೊದಲು ಬಸ್ ವೋಲ್ಟೇಜನ್ನು ಇನ್ನಷ್ಟು ಇಳಿಸಿಕೊಳ್ಳುತ್ತಾರೆ. ಬ್ರೇಕರ್ ಹಾಕಿದ ಕೂಡಲೇ ಆ ತುದಿಯವರು ಲೈನ್ ಕಡೆಯ ವೋಲ್ಟೇಜ್ ಅಳೆಯುವ ಸಿವಿಟಿ ನೋಡಿ ಮೂರೂ ಫೇಸಿನ ಅಂಕಿ ಹೇಳುತ್ತಾರೆ.

ಇಂಥ ಲೈನ್ ರಿಯಾಕ್ಟರಿಗೆ ಎಷ್ಟೋ ಕಡೆ ತನ್ನದೇ ಬ್ರೇಕರ್ ಇರುವುದಿಲ್ಲ, ಕರೆಂಟ್ ಹರಿಯುವಾಗ ತೆಗೆಯಲಾಗದ ಐಸೊಲೇಟರ್ ಮಾತ್ರ. ರಿಯಾಕ್ಟರ್ ಬೇಕಾಗುವ ಗಳಿಗೆ ಹೇಳಿ ಕೇಳಿ ಬರುವುದಿಲ್ಲ. ಪೂರ್ತಿ ಲೋಡಿನಲ್ಲಿದ್ದಾಗ ಆ ತುದಿಯ ಬ್ರೇಕರ್ ಟ್ರಿಪ್ ಆದರೆ, ತಕ್ಷಣ ಲೈನ್ ಬರಿದಾಗುತ್ತದೆ, ವೋಲ್ಟೇಜ್ ಜಿಗಿಯುತ್ತದೆ. ಆಗ ರಿಯಾಕ್ಟರ್ ಅಲ್ಲೇ ಇರಬೇಕು.

ಹಾಗಾದರೆ ಇನ್ನೂ ದೊಡ್ಡದನ್ನು ಹಾಕಿ ಚಾರ್ಜಿಂಗ್ ಪೂರ್ತಿ ಮುಗಿಸಿಬಿಡಬಾರದೇ? ಎರಡು ಕಾರಣಕ್ಕೆ ಬಾರದು. ಮೊದಲನೆಯದು ಸಂಜೆಯ ಪೀಕ್. ಈ ಲೈನಿನಲ್ಲಿ ಸುಮಾರು 515 ಮೆಗಾವ್ಯಾಟ್ ಹರಿಯುವಾಗ ಅದು ಹುಟ್ಟಿಸುವ ವಾರ್‌ಗಳನ್ನು ತಾನೇ ತಿಂದು ಮುಗಿಸುತ್ತದೆ. ಅದಕ್ಕಿಂತ ಹೆಚ್ಚು ಹರಿದರೆ ಹೊರಗಿನಿಂದ ಬೇಡುತ್ತದೆ. ಆ ಹೊತ್ತಿನಲ್ಲಿ ರಿಯಾಕ್ಟರ್ ವೋಲ್ಟೇಜನ್ನು ಇನ್ನೂ ಕೆಳಕ್ಕೆ ಎಳೆಯುತ್ತದೆ. ಬಸ್ಸಿಗೆ ಜೋಡಿಸಿದ ರಿಯಾಕ್ಟರಿಗೆ ಬ್ರೇಕರ್ ಇರುತ್ತದೆ, ತೆಗೆಯಬಹುದು. ಲೈನಿನದ್ದು ಹಾಗಲ್ಲ.

ಎರಡನೆಯದು ಅನುರಣನ. ಒಂದೇ ಟವರಿನಲ್ಲಿ ಎರಡು ಸರ್ಕ್ಯೂಟ್ ಇದ್ದು ಒಂದನ್ನು ಆಫ್ ಮಾಡಿದ್ದೀರಿ, ರಿಯಾಕ್ಟರ್ ಅದಕ್ಕೆ ಅಂಟಿಕೊಂಡೇ ಇದೆ. ಅದರ ಇಂಡಕ್ಟೆನ್ಸು ಲೈನಿನ ಕೆಪಾಸಿಟೆನ್ಸಿಗೆ 50 ಹರ್ಟ್ಸ್ ಹತ್ತಿರ ಸರಿಹೊಂದಿಬಿಟ್ಟರೆ, ಪಕ್ಕದ ಸರ್ಕ್ಯೂಟ್ ಗಾಳಿಯ ಮೂಲಕವೇ ಸತ್ತ ಲೈನಿಗೆ ಅಪಾಯದ ವೋಲ್ಟೇಜ್ ಏರಿಸಬಲ್ಲದು. ನಮ್ಮ ಎರಡು ರಿಯಾಕ್ಟರ್ ಸೇರಿ ಲೈನಿನ ಚಾರ್ಜಿಂಗಿನ ಶೇ. 66ರಷ್ಟನ್ನು ಮಾತ್ರ ತೀರಿಸುತ್ತವೆ. ಹಾಗಾಗಿ ಲೈನ್ ಆಫ್ ಮಾಡಿದ ಮೇಲೆ ಅದರಲ್ಲಿ ಉಳಿದ ಚಾರ್ಜ್ ಸುಮಾರು 40 ಹರ್ಟ್ಸಿನಲ್ಲಿ ತೂಗಾಡಿ ನಿಧಾನಕ್ಕೆ ಇಳಿಯುತ್ತದೆ. ಡಿಸ್ಟರ್ಬೆನ್ಸ್ ರೆಕಾರ್ಡರಿನಲ್ಲಿ ಈ ಅಲೆ ಕಂಡರೆ ಹೊಂದಾಣಿಕೆ 50ರಿಂದ ಸಾಕಷ್ಟು ದೂರವಿದೆ ಅಂತ ಅರ್ಥ.

ಇಷ್ಟೆಲ್ಲ ಇದ್ದೂ ರಿಯಾಕ್ಟರ್ ಸಾಲದ ರಾತ್ರಿಗಳಿವೆ. 2020ರ ಏಪ್ರಿಲ್ 5ರಂದು ರಾತ್ರಿ 9ಕ್ಕೆ ದೇಶ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಆವತ್ತು ಫ್ರೀಕ್ವೆನ್ಸಿ ಜತೆ ವೋಲ್ಟೇಜನ್ನೂ ಕಾಯಬೇಕಾಗಿತ್ತು. ದಕ್ಷಿಣದಲ್ಲಿ ಮುಂಗಾರಿನ ರಾತ್ರಿಗಳೂ ಹೀಗೇ: ಮಳೆ ಬಿದ್ದರೆ ಪಂಪ್‌ಸೆಟ್ ನಿಲ್ಲುತ್ತವೆ, ಲೈನುಗಳು ಹಗುರಾಗುತ್ತವೆ, ಬಸ್‌ಗಳು 420ರತ್ತ ಏರುತ್ತವೆ. ಇರುವ ರಿಯಾಕ್ಟರ್ ಎಲ್ಲ ಹಾಕಿ, ಜನರೇಟರುಗಳಿಗೆ ವಾರ್ ಹೀರಲು ಹೇಳಿ ಆದ ಮೇಲೂ ಇಳಿಯದಿದ್ದರೆ ಲೋಡ್ ಡಿಸ್ಪ್ಯಾಚ್ ಕೇಂದ್ರ ಕೆಲವು ಉದ್ದದ ಲೈನುಗಳನ್ನೇ ಆಫ್ ಮಾಡಿಸುತ್ತದೆ. ಒಂದು 400 ಕೆವಿ ಲೈನ್ ತೆಗೆದರೆ ಅದು ಗ್ರಿಡ್ಡಿಗೆ ತಳ್ಳುತ್ತಿದ್ದ ಮೆಗಾವಾರ್ ಒಮ್ಮೆಗೇ ಮಾಯ. ಆದರೆ ಅಷ್ಟು ಹೊತ್ತು ಗ್ರಿಡ್ಡಿಗೆ ಒಂದು ದಾರಿ ಕಡಿಮೆ, ಮತ್ತು ಬೆಳಗ್ಗೆ ಲೋಡ್ ಬರುವ ಮೊದಲು ಅದೇ ಲೈನನ್ನು ಒಂದು ತುದಿಯಿಂದ ಮತ್ತೆ ಚಾರ್ಜ್ ಮಾಡಬೇಕು.